ಮ್ಯಾಂಡೇಟ್ ರಿಜೆಕ್ಟ್ ಆಯ್ತು: ಸಹಿಯಾ, ಅಕೌಂಟ್ ನಂಬರಾ, ಲಿಮಿಟ್ಟಾ?

ಟೀಚರ್ ಫೋನ್ ಮಾಡಿದಾಗ ಬೆಳಿಗ್ಗೆ ಎಂಟು ಗಂಟೆ. "ಅದೇನೋ ರಿಜೆಕ್ಟ್ ಅಂತ ಮೆಸೇಜ್ ಬಂದಿದೆ ಕಣೋ. ನನ್ನ ಸಹಿ ಸರಿ ಬಂದಿಲ್ಲ ಅನ್ಸುತ್ತೆ. ಕೈ ನಡುಗುತ್ತೆ ನೋಡು ಈಗ" ಅಂದರು. ಪ್ರೈಮರಿ ಶಾಲೆಯಲ್ಲಿ ನನಗೆ ಅಕ್ಷರ ಕಲಿಸಿದವರು ಅವರು. ನಿವೃತ್ತಿಯಾದ ಮೇಲೆ ಮೊಮ್ಮಗಳ ಹೆಸರಿನಲ್ಲಿ ಯೋಚನೆ ಮಾಡಿ, ತಿಂಗಳಿಗೆ 5,000 ರೂಪಾಯಿಯ ಎಸ್‌ಐಪಿ ಶುರು ಮಾಡೋಣ ಅಂತ ನನ್ನ ಹತ್ತಿರ ಬಂದಿದ್ದರು. ನಾನು ಶಿವಮೊಗ್ಗದಲ್ಲಿ ಮ್ಯೂಚುವಲ್ ಫಂಡ್ ವಿತರಕ. ಪ್ರತಿ ತಿಂಗಳು ಖಾತೆಯಿಂದ ತಾನಾಗಿ ಹಣ ಕಟ್ ಆಗಲು ಬ್ಯಾಂಕಿಗೆ ಕೊಡುವ ಒಪ್ಪಿಗೆ ಪತ್ರ ಇದೆಯಲ್ಲ, ಆ ನ್ಯಾಚ್ ಮ್ಯಾಂಡೇಟನ್ನು ನಾನೇ ತುಂಬಿ, ಅವರಿಂದ ಸಹಿ ಹಾಕಿಸಿ ಕಳಿಸಿದ್ದೆ.

ಮೆಸೇಜನ್ನು ಹಾಗೇ ಕಳಿಸಿ ಅಂದೆ. ಬಂದದ್ದನ್ನು ಓದಿದರೆ ಅದರಲ್ಲಿ ಸಹಿಯ ಮಾತೇ ಇರಲಿಲ್ಲ. ನಿಮ್ಮ ಬ್ಯಾಂಕು ಮ್ಯಾಂಡೇಟನ್ನು ತಿರಸ್ಕರಿಸಿದೆ ಎಂಬ ಒಂದು ಸಾಲು, ಒಂದು ಯುಎಂಆರ್‌ಎನ್ ನಂಬರ್, ಅಷ್ಟೇ. ಕಾರಣ ಇಲ್ಲ. ರಿಜೆಕ್ಟ್ ಅಂದ ಕೂಡಲೇ ಎಲ್ಲರಿಗೂ ಮೊದಲು ಸಹಿಯೇ ನೆನಪಾಗುತ್ತದೆ. ಶುರುವಿನ ವರ್ಷಗಳಲ್ಲಿ ನನಗೂ ಹಾಗೇ ಆಗುತ್ತಿತ್ತು. ತಕ್ಷಣ ಹೊಸ ಫಾರ್ಮ್ ತೆಗೆದು ಇನ್ನೊಂದು ಸಹಿ ಹಾಕಿಸಿ ಕಳಿಸುತ್ತಿದ್ದೆ. ಅದು ಎರಡು ಮೂರು ವಾರ ಸುತ್ತಿ ಮತ್ತೆ ಅದೇ ಕಾರಣಕ್ಕೆ ವಾಪಸ್ ಬರುತ್ತಿತ್ತು. ಅಷ್ಟರಲ್ಲಿ ಗ್ರಾಹಕರ ಒಂದು ಕಂತು ಹೋಗಿರುತ್ತಿತ್ತು. ಈಗ ಕಾರಣದ ಪೂರ್ತಿ ಸಾಲು ಕಣ್ಣಿಗೆ ಬೀಳುವ ತನಕ ಹೊಸ ಫಾರ್ಮ್ ಮುಟ್ಟುವುದಿಲ್ಲ.

ಮೊದಲು ನೋಡಿದ್ದು ಯುಎಂಆರ್‌ಎನ್ ಇದೆಯಾ ಅಂತ. ಇಪ್ಪತ್ತು ಅಕ್ಷರ ಮತ್ತು ಅಂಕಿಗಳ ಈ ಗುರುತು ಫಾರ್ಮ್ ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಸಂಸ್ಥೆಯ ವ್ಯವಸ್ಥೆಯೊಳಗೆ ಹೋದ ಮೇಲೆ ಹುಟ್ಟುತ್ತದೆ. ಅದು ಬಂದಿದೆ ಅಂದರೆ ಫಾರ್ಮ್ ಗ್ರಾಹಕರ ಬ್ಯಾಂಕಿನ ತನಕ ಹೊರಟಿದೆ ಅಂತ ಅರ್ಥ. ಕಾಗದದ ಫಾರ್ಮಿಗೆ ಯುಎಂಆರ್‌ಎನ್ ಬರುವ ಮೊದಲೇ ರಿಜೆಕ್ಟ್ ಆಗಿದ್ದರೆ ತಪ್ಪು ನಮ್ಮ ಕಡೆಯೇ ಇರುತ್ತದೆ. ಫಂಡ್ ಕಂಪನಿಯ ಪರವಾಗಿ ಅರ್ಜಿ, ದಾಖಲೆ ನೋಡಿಕೊಳ್ಳುವ ರಿಜಿಸ್ಟ್ರಾರ್ ಫಾರ್ಮ್ ನೋಡಿ ಅಲ್ಲೇ ನಿಲ್ಲಿಸಿರುತ್ತಾರೆ. ಸ್ಕ್ಯಾನ್ ಮಸುಕಾಗಿರುತ್ತದೆ, ಇಲ್ಲವೇ ಅಂಕಿಯಲ್ಲಿ ಬರೆದ ಮೊತ್ತಕ್ಕೂ ಅಕ್ಷರದಲ್ಲಿ ಬರೆದದ್ದಕ್ಕೂ ತಾಳೆ ಆಗಿರುವುದಿಲ್ಲ. ಆಗ ಬ್ಯಾಂಕಿಗೆ ಅಲೆದು ಏನೂ ಸಿಗುವುದಿಲ್ಲ. ಟೀಚರ್ ಮೆಸೇಜಿನಲ್ಲಿ ಯುಎಂಆರ್‌ಎನ್ ಇತ್ತು. ಅಂದರೆ ಬೇಡ ಅಂದದ್ದು ಬ್ಯಾಂಕೇ.

ಕಾರಣ ಸಿಕ್ಕಿದ್ದು ರಿಜಿಸ್ಟ್ರಾರ್‌ನ ವಿತರಕರ ಲಾಗಿನ್‌ನಲ್ಲಿ. ಗ್ರಾಹಕರಿಗೆ ಬರುವ ಎಸ್‌ಎಂಎಸ್‌ನಲ್ಲಿ ಎಷ್ಟೋ ಸಲ ಕಾರಣವನ್ನು ಕತ್ತರಿಸಿರುತ್ತಾರೆ. ಬ್ಯಾಂಕು ವಾಪಸ್ ಕಳಿಸಿದ ಪೂರ್ತಿ ಸಾಲು ಮ್ಯಾಂಡೇಟ್ ವರದಿಯಲ್ಲಿ ಉಳಿದಿರುತ್ತದೆ. ವಿತರಕರಿಲ್ಲದೆ ನೇರವಾಗಿ ಹೂಡಿದವರು ಫಂಡ್ ಕಂಪನಿಯ ಸಹಾಯವಾಣಿಗೆ ಯುಎಂಆರ್‌ಎನ್ ಹೇಳಿ, "ಬ್ಯಾಂಕ್ ಕೊಟ್ಟ ರಿಜೆಕ್ಷನ್ ರೀಸನ್ ಹಾಗೇ ಓದಿ" ಅಂತ ಕೇಳಬೇಕು. ಸಾಲಕ್ಕೆ ಕೊಟ್ಟ ಮ್ಯಾಂಡೇಟ್ ಆದರೆ ಸಾಲ ಕೊಟ್ಟ ಕಂಪನಿಯನ್ನು ಇದೇ ಮಾತು ಕೇಳಬೇಕು. ಟೀಚರ್ ಸಾಲಿನ ಎದುರು ಇದ್ದದ್ದು ಇದು:

```
NOT A CBS ACT NO OR OLD ACT NO REPRESENTATIVE WITH CBS NO
```

ಮೊದಲ ಸಲ ಓದಿದವರಿಗೆ ಇದು ಒಗಟು. ನಿಜವಾಗಿ ಅದು ಹೇಳುವುದು ಇಷ್ಟೇ: ಫಾರ್ಮಿನಲ್ಲಿ ಇರುವ ಅಕೌಂಟ್ ನಂಬರ್ ಬ್ಯಾಂಕಿನ ಈಗಿನ ಕೋರ್ ಬ್ಯಾಂಕಿಂಗ್ ನಂಬರ್ ಅಲ್ಲ, ಹಳೇ ನಂಬರ್ ಇದ್ದ ಹಾಗಿದೆ. ಸಹಿಗೂ ಇದಕ್ಕೂ ಸಂಬಂಧವೇ ಇಲ್ಲ.

ಇಲ್ಲಿ ಒಂದು ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮಿಕ್ಕ ಕೆಲಸವೆಲ್ಲ ಇದರ ಮೇಲೆ ನಿಂತಿದೆ. ಬ್ಯಾಂಕಿನಲ್ಲಿ ಮ್ಯಾಂಡೇಟ್ ನೋಡುವವರು ಮೊದಲು ಅಕೌಂಟ್ ನಂಬರ್ ಹಾಕಿ ಖಾತೆ ತೆರೆಯುತ್ತಾರೆ. ಖಾತೆ ತೆರೆದರೆ ಮಾತ್ರ ಅದರ ಜೊತೆಗೆ ಇಟ್ಟಿರುವ ಮಾದರಿ ಸಹಿ ಪರದೆಗೆ ಬರುತ್ತದೆ. ನಂಬರೇ ತಪ್ಪಿದ್ದರೆ ಸಹಿ ಹೋಲಿಸಲು ಅವರ ಮುಂದೆ ಏನೂ ಇರುವುದಿಲ್ಲ. ವಾಪಸ್ ಕಳಿಸುವಾಗ ಬರೆಯುವ ಕಾರಣವೂ ಒಂದೇ. ಹಾಗಾಗಿ ಖಾತೆಯ ಕಾರಣ ಬಂದಿದೆ ಅಂದರೆ ಸಹಿ ಸರಿ ಇದೆ ಅಂತಲ್ಲ, ಸಹಿಯನ್ನು ಇನ್ನೂ ಯಾರೂ ನೋಡಿಯೇ ಇಲ್ಲ ಅಂತ. ಸಹಿಯ ಕಾರಣ ಬಂದಿದೆ ಅಂದರೆ ಅಕೌಂಟ್ ನಂಬರಿನ ಬಗ್ಗೆ ಬಹುಮಟ್ಟಿಗೆ ನೆಮ್ಮದಿಯಾಗಿ ಇರಬಹುದು, ಆ ಹಂತ ದಾಟಿ ಆಗಿದೆ. ನಾನು ರಿಜೆಕ್ಷನ್ ಸಾಲನ್ನು ಈಗ ಹೀಗೇ ಓದುವುದು. ಫಾರ್ಮ್ ಎಲ್ಲಿಯವರೆಗೆ ಹೋಗಿ ನಿಂತಿತು ಅನ್ನುವುದನ್ನು ಅದು ತೋರಿಸುತ್ತದೆ.

ಟೀಚರ್ ಮನೆಗೆ ಹೋಗಿ ಪಾಸ್‌ಬುಕ್ ಕೇಳಿದೆ. ನನಗೆ ಫಾರ್ಮ್ ತುಂಬುವಾಗ ಕೊಟ್ಟ ಅದೇ ಹಳೇ ಪಾಸ್‌ಬುಕ್ ತಂದರು. ಅವರ ಬ್ಯಾಂಕು ಬೇರೆ ಬ್ಯಾಂಕಿನ ಜೊತೆ ವಿಲೀನವಾಗಿ ವರ್ಷಗಳೇ ಆಗಿದ್ದವು. ನಮ್ಮ ಕರ್ನಾಟಕದಲ್ಲಿ ಇದು ಮನೆಮನೆಯ ಕಥೆ ಅಲ್ವಾ? ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ಸೇರಿದವು. `VIJB` ಎಂದು ಶುರುವಾಗುತ್ತಿದ್ದ ಐಎಫ್‌ಎಸ್‌ಸಿ ಕೋಡುಗಳು 2021ರ ಮಾರ್ಚ್‌ನಿಂದ, `SYNB` ಎಂದು ಶುರುವಾಗುತ್ತಿದ್ದವು ಅದೇ ವರ್ಷ ಜುಲೈನಿಂದ ನಡೆಯುತ್ತಿಲ್ಲ. ಐಎಫ್‌ಎಸ್‌ಸಿ ಬದಲಾದದ್ದು ಎಷ್ಟೋ ಜನರಿಗೆ ಗೊತ್ತು. ಕೆಲವು ಕಡೆ ಅಕೌಂಟ್ ನಂಬರ್ ಕೂಡ ಬದಲಾಗಿದೆ ಅನ್ನುವುದು ಗಮನಕ್ಕೇ ಬಂದಿರುವುದಿಲ್ಲ.

"ಪೆನ್ಷನ್ ಬರ್ತಾನೇ ಇದೆಯಲ್ಲೋ, ನಂಬರ್ ತಪ್ಪಾಗಿದ್ರೆ ಹೇಗೆ ಬರುತ್ತೆ?" ಅಂತ ಟೀಚರ್ ಕೇಳಿದರು. ಪ್ರಶ್ನೆ ಸರಿಯಾಗಿಯೇ ಇತ್ತು. ವಿಲೀನವಾದಾಗ ಬ್ಯಾಂಕಿನವರು ಹಳೇ ನಂಬರನ್ನು ಹೊಸದಕ್ಕೆ ಜೋಡಿಸಿ ಇಟ್ಟಿರುತ್ತಾರೆ, ಇಲ್ಲವೇ ಪಿಂಚಣಿ ಕಳಿಸುವ ಕಡೆಯೇ ನಂಬರ್ ಬದಲಿಸಿರುತ್ತಾರೆ. ಹಾಗಾಗಿ ಖಾತೆಗೆ ಹಣ ಬರುತ್ತಲೇ ಇರುತ್ತದೆ. ಮ್ಯಾಂಡೇಟ್ ಖಾತೆಯಿಂದ ಹಣ ತೆಗೆಯುವ ಒಪ್ಪಿಗೆ. ಅಲ್ಲಿ ಫಾರ್ಮಿನಲ್ಲಿ ಇರುವ ನಂಬರೇ ಈಗಿನ ನಂಬರ್ ಆಗಿರಬೇಕು ಅಂತ ಬ್ಯಾಂಕು ಹಠ ಹಿಡಿದರೆ ಅದರಲ್ಲಿ ತಪ್ಪಿಲ್ಲ.

ಅವರ ಜೊತೆ ಬ್ರಾಂಚಿಗೆ ಹೋಗಿ ಕಳೆದ ಮೂರು ತಿಂಗಳ ಸ್ಟೇಟ್‌ಮೆಂಟ್ ತೆಗೆಸಿದೆವು. ಸ್ಟೇಟ್‌ಮೆಂಟಿನ ತಲೆಯಲ್ಲಿ ಬೇರೆಯೇ ನಂಬರ್ ಇತ್ತು, ಅಂಕಿಗಳ ಎಣಿಕೆಯೂ ಬೇರೆ. ಪಾಸ್‌ಬುಕ್ಕಿನ ಮೊದಲ ಪುಟ ಹಳೇದಾಗಿ ಉಳಿದಿರುತ್ತದೆ. ಸ್ಟೇಟ್‌ಮೆಂಟ್ ಆ ದಿನವೇ ಪ್ರಿಂಟ್ ಆಗುತ್ತದೆ. ಅವತ್ತಿನಿಂದ ನಾನು ಪಾಸ್‌ಬುಕ್ ನೋಡಿ ನಂಬರ್ ಬರೆಯುವುದನ್ನು ಬಿಟ್ಟೆ. ಹೊಸ ಸ್ಟೇಟ್‌ಮೆಂಟ್, ಇಲ್ಲವೇ ಹೆಸರು ಮತ್ತು ನಂಬರ್ ಅಚ್ಚಾಗಿರುವ ಹೊಸ ಚೆಕ್ಕು, ಎರಡರಲ್ಲಿ ಒಂದು ಬೇಕೇ ಬೇಕು.

ನಂಬರಿನ ತಪ್ಪು ವಿಲೀನದಿಂದ ಮಾತ್ರ ಬರುವುದಲ್ಲ. ಗ್ರಾಹಕರ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಇಟ್ಟುಕೊಂಡವರು ಇದನ್ನು ನೋಡಿಕೊಳ್ಳಬೇಕು. ಆ ಕಾಲಮನ್ನು ಟೆಕ್ಸ್ಟ್ ಎಂದು ಮಾಡದಿದ್ದರೆ ನಂಬರಿನ ಮುಂದಿನ ಸೊನ್ನೆ ಹಾರಿಹೋಗುತ್ತದೆ. ಹದಿನೈದಕ್ಕಿಂತ ಜಾಸ್ತಿ ಅಂಕಿ ಇದ್ದರೆ ಕೊನೆಯವು ಸೊನ್ನೆಯಾಗುತ್ತವೆ. ನನ್ನ ಒಬ್ಬ ಗ್ರಾಹಕರ ನಂಬರಿನ ಮೊದಲ ಸೊನ್ನೆ ಹೀಗೆ ಬಿಟ್ಟುಹೋಗಿ `NO SUCH ACCOUNT` ಅಂತ ವಾಪಸ್ ಬಂದಿತ್ತು. ಆ ಸಾಲು ಬಂದರೆ ನಾನು ಮೊದಲು ಅಂಕಿ ಎಣಿಸುತ್ತೇನೆ. ಎಣಿಕೆ ಸರಿ ಇದ್ದರೆ ಆಮೇಲೆ ಒಂದೊಂದೇ ಅಂಕಿ ಬೆರಳಿಟ್ಟು ಹೋಲಿಸುತ್ತೇನೆ. ನಂಬರ್ ಸರಿ ಇದ್ದು ಉಳಿತಾಯ ಖಾತೆಗೆ ಚಾಲ್ತಿ ಖಾತೆ ಅಂತ ಟಿಕ್ ಹಾಕಿದ್ದರೂ ಖಾತೆಯ ಕಾರಣ ಕೊಟ್ಟೇ ವಾಪಸ್ ಬರುವುದುಂಟು. ಆಗ ಸಾಲಿನಲ್ಲಿ ಅಕೌಂಟ್ ಟೈಪ್ ಇಲ್ಲವೇ ಡಿಸ್ಕ್ರಿಪ್ಷನ್ ಎಂಬ ಮಾತು ಇರುತ್ತದೆ.

ಹೊಸ ನಂಬರ್, ಹೊಸ ಐಎಫ್‌ಎಸ್‌ಸಿ ಹಾಕಿ ಎರಡನೇ ಫಾರ್ಮ್ ಕಳಿಸಿದೆವು. ಮೇಲೆ ಹೇಳಿದ ಲೆಕ್ಕ ನನಗೆ ಆಗಲೇ ಪೂರ್ತಿ ಹೊಳೆದಿದ್ದರೆ ಅವತ್ತೇ ಬ್ರಾಂಚಿನಲ್ಲಿ ಸಹಿಯ ವಿಚಾರವನ್ನೂ ಕೇಳಿಬಿಡುತ್ತಿದ್ದೆ. ಕೇಳಲಿಲ್ಲ. ಎರಡೂವರೆ ವಾರದ ಮೇಲೆ ವರದಿಯಲ್ಲಿ ಈ ಸಾಲು ಕಂಡಿತು:

```
DRAWERS SIGNATURE DIFFERS
```

ಫಾರ್ಮ್ ಒಂದು ಹೆಜ್ಜೆ ಮುಂದೆ ಹೋಗಿತ್ತು. ಖಾತೆ ಸಿಕ್ಕಿದೆ, ಸಹಿ ಪರದೆಗೆ ಬಂದಿದೆ, ಹೊಂದಿಲ್ಲ.

ಟೀಚರ್ ತುಂಬಾ ಬೇಜಾರು ಮಾಡಿಕೊಂಡರು. ಕೈ ನಡುಗುವುದಕ್ಕೇ ಹೀಗಾಯಿತು ಅಂತ ಅವರ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ನಾನು ಅವರನ್ನು ಕೇಳಿದ್ದು ಒಂದೇ ಪ್ರಶ್ನೆ. "ಟೀಚರ್, ಈ ಖಾತೆ ತೆಗೆದಾಗ ಸಹಿ ಹೇಗೆ ಹಾಕಿದ್ರಿ, ನೆನಪಿದೆಯಾ?" ಸ್ವಲ್ಪ ಹೊತ್ತು ಯೋಚಿಸಿದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಂಬಳಕ್ಕಾಗಿ ತೆಗೆದ ಖಾತೆ ಅದು. ಆಗ ಕನ್ನಡದಲ್ಲಿ ಸಹಿ ಹಾಕುತ್ತಿದ್ದರು. ಪ್ಯಾನ್ ಕಾರ್ಡ್ ಮಾಡಿಸುವಾಗ ಇಂಗ್ಲಿಷಿಗೆ ಬದಲಾಯಿಸಿದ್ದು, ಅದೇ ರೂಢಿಯಾಗಿದೆ. ಎಟಿಎಂ ಬಂದ ಮೇಲೆ ಬ್ಯಾಂಕಿನಲ್ಲಿ ಸಹಿ ಹಾಕುವ ಸಂದರ್ಭವೇ ಬಂದಿರಲಿಲ್ಲ, ಹಾಗಾಗಿ ವ್ಯತ್ಯಾಸ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಕನ್ನಡ ಸಹಿಯಿಂದ ಇಂಗ್ಲಿಷ್ ಸಹಿಗೆ ಬಂದವರು ನನ್ನ ಗ್ರಾಹಕರಲ್ಲಿ ಬಹಳ ಇದ್ದಾರೆ. ಮದುವೆಯಾಗಿ ಇನಿಷಿಯಲ್ ಬದಲಾದವರೂ ಇದ್ದಾರೆ. ಕೈ ನಡುಗಿದ ಸಹಿಯನ್ನು ಬ್ಯಾಂಕಿನವರು ಒಪ್ಪಿಕೊಂಡದ್ದನ್ನು ಎಷ್ಟೋ ಸಲ ನೋಡಿದ್ದೇನೆ, ಅಕ್ಷರಗಳ ರೂಪ ಅದೇ ಇರಬೇಕು ಅಷ್ಟೇ. ಲಿಪಿಯೇ ಬೇರೆಯಾದರೆ ಅವರೇನು ಮಾಡಿಯಾರು?

ಈ ಹಂತದಲ್ಲಿ ಎರಡು ದಾರಿ ಇದ್ದವು. ಒಂದು, ಹಳೇ ಕನ್ನಡ ಸಹಿಯನ್ನೇ ಹಾಕಿ ಫಾರ್ಮ್ ಕಳಿಸುವುದು. ಟೀಚರ್ ಕಾಗದದ ಮೇಲೆ ನಾಲ್ಕೈದು ಸಲ ಹಾಕಿ ನೋಡಿದರು, ಒಂದರ ಹಾಗೆ ಇನ್ನೊಂದು ಬರಲಿಲ್ಲ. ಅಲ್ಲದೆ ಆಗಿನ ಸಹಿ ನಿಖರವಾಗಿ ಹೇಗಿತ್ತು ಅಂತ ನಮ್ಮಿಬ್ಬರಿಗೂ ಗೊತ್ತಿಲ್ಲ. ಊಹೆಯ ಮೇಲೆ ಇನ್ನೂ ಮೂರು ವಾರ ಕಳೆಯಲು ನನಗೆ ಇಷ್ಟ ಇರಲಿಲ್ಲ. ಇನ್ನೊಂದು, ಬ್ಯಾಂಕಿನ ದಾಖಲೆಯಲ್ಲಿ ಇರುವ ಸಹಿಯನ್ನೇ ಈಗಿನದಕ್ಕೆ ಬದಲಿಸುವುದು. ಅದನ್ನೇ ಮಾಡಿದೆವು. ಆಧಾರ್, ಪ್ಯಾನ್, ಪಾಸ್‌ಬುಕ್ ಮತ್ತು ಒಂದು ಫೋಟೋ ತೆಗೆದುಕೊಂಡು ಟೀಚರೇ ಬ್ರಾಂಚಿಗೆ ಬಂದರು. ಖಾತೆದಾರರೇ ಹೋಗಬೇಕು, ನನ್ನಂಥವರು ಹೋದರೆ ಸಹಿಯ ಬಗ್ಗೆ ಏನೂ ಹೇಳುವುದಿಲ್ಲ, ಹೇಳಲೂಬಾರದು. "ಮಾದರಿ ಸಹಿ ಬದಲಿಸಬೇಕು" ಅಂತ ಕೇಳಿದಾಗ ಒಂದು ಅರ್ಜಿ ಕೊಟ್ಟರು. ಅಧಿಕಾರಿಯ ಎದುರೇ ಹೊಸ ಸಹಿ ಹಾಕಿಸಿಕೊಂಡು ಸ್ಕ್ಯಾನ್ ಮಾಡಿದರು.

ಅದೇ ದಿನ ಹೊಸ ಮ್ಯಾಂಡೇಟ್ ಕಳಿಸೋಣ ಅಂತ ಟೀಚರಿಗೆ ಆತುರ. ನಾನು ತಡೆದೆ. ಹೊಸ ಸಹಿ ಕಂಪ್ಯೂಟರಿಗೆ ಏರಿ, ಇನ್ನೊಬ್ಬ ಅಧಿಕಾರಿ ಅದನ್ನು ಒಪ್ಪಿ ಆಗಬೇಕು. ಮ್ಯಾಂಡೇಟ್ ನೋಡುವವರು ಬಹಳಷ್ಟು ಬ್ಯಾಂಕುಗಳಲ್ಲಿ ಬ್ರಾಂಚಿನಲ್ಲಿ ಇರುವುದಿಲ್ಲ, ಬೇರೆ ಊರಿನ ಕೇಂದ್ರ ವಿಭಾಗದಲ್ಲಿ ಇರುತ್ತಾರೆ. ಅವರ ಪರದೆಯಲ್ಲಿ ಹಳೇ ಸಹಿಯೇ ಇದ್ದರೆ ಮತ್ತೆ ಅದೇ ಉತ್ತರ. ಒಂದು ವಾರ ಬಿಟ್ಟು ಬ್ರಾಂಚಿಗೆ ಫೋನ್ ಮಾಡಿಸಿ, ಬದಲಾಗಿದೆ ಅಂತ ಖಚಿತವಾದ ಮೇಲೆ ಮೂರನೇ ಫಾರ್ಮ್ ತೆಗೆದೆ.

ನೆಟ್‌ಬ್ಯಾಂಕಿಂಗ್ ಇಲ್ಲವೇ ಡೆಬಿಟ್ ಕಾರ್ಡಿನಿಂದ ಮಾಡುವ ಇ-ಮ್ಯಾಂಡೇಟ್ ಆಗಿದ್ದರೆ ಸಹಿಯ ಈ ರಾಮಾಯಣವೇ ಇರುತ್ತಿರಲಿಲ್ಲ, ಅಲ್ಲಿ ಕಾಗದದ ಸಹಿ ಬೇಕಿಲ್ಲ. ಸಹಿಯ ಕಾರಣಕ್ಕೆ ರಿಜೆಕ್ಟ್ ಆದವರಿಗೆ ನಾನು ಮೊದಲು ಹೇಳುವುದು ಅದನ್ನೇ. ಟೀಚರ್ ಹತ್ತಿರ ನೆಟ್‌ಬ್ಯಾಂಕಿಂಗ್ ಇರಲಿಲ್ಲ, ಕಾರ್ಡಿನ ಅವಧಿ ಮುಗಿದಿತ್ತು. ಖಾತೆಯ ಸಹಿ ಸರಿಯಾಗಿರುವುದು ಅವರಿಗೆ ನಾಳೆ ಬೇರೆ ಕೆಲಸಕ್ಕೂ ಬೇಕು, ಹಾಗಾಗಿ ಕಾಗದದ ದಾರಿಯನ್ನೇ ಹಿಡಿದೆವು.

ಮೂರನೇ ಫಾರ್ಮ್ ತುಂಬುವಾಗ ಲಿಮಿಟ್ ಬಗ್ಗೆ ಕೂತು ಮಾತಾಡಿದೆವು. ಅದಕ್ಕೆ ಕಾರಣ ಅಂಗಡಿ ಇಟ್ಟಿರುವ ನನ್ನ ಇನ್ನೊಬ್ಬ ಗ್ರಾಹಕರು. ಅವರು ತಿಂಗಳಿಗೆ 8,000ದಿಂದ ಶುರು ಮಾಡಿ, ವರ್ಷಕ್ಕೆ ಸಾವಿರ ಏರಿಸುತ್ತಾ ಹೋಗುವ ಎಸ್‌ಐಪಿ ಮಾಡಿದ್ದರು. ಮ್ಯಾಂಡೇಟಿನಲ್ಲಿ ಗರಿಷ್ಠ ಮೊತ್ತ ಅಂತ ಬರೆದದ್ದು 10,000. ಮೊದಲ ವರ್ಷ ಎಂಟು, ಎರಡನೇ ವರ್ಷ ಒಂಬತ್ತು, ಮೂರನೇ ವರ್ಷ ಹತ್ತು ಸಾವಿರ ಸಲೀಸಾಗಿ ಕಟ್ ಆಯಿತು. ನಾಲ್ಕನೇ ವರ್ಷ 11,000 ಆಗಬೇಕಾದಾಗ ಕಂತು ನಿಂತಿತು. "ಅಕೌಂಟಲ್ಲಿ ಲಕ್ಷಗಟ್ಟಲೆ ಇದೆ, ಬ್ಯಾಂಕಿನವರು ಏನ್ ಮಾಡ್ತಿದಾರೆ ಸರ್?" ಅಂತ ಅವರಿಗೆ ಸಿಟ್ಟು ಬಂದಿತ್ತು. ಬ್ಯಾಂಕಿನ ತಪ್ಪಲ್ಲ. ಹತ್ತು ಸಾವಿರಕ್ಕಿಂತ ಜಾಸ್ತಿ ತೆಗೆಯಬೇಡಿ ಅಂತ ಬರೆದುಕೊಟ್ಟಿದ್ದು ನಾವೇ.

ಇಂಥ ಲಿಮಿಟ್ ಸಮಸ್ಯೆಗೆ ಒಂದು ಸ್ಪಷ್ಟ ಗುರುತಿದೆ. ಮ್ಯಾಂಡೇಟ್ ನೋಂದಣಿಯಾಗಿರುತ್ತದೆ, ಹಿಂದಿನ ಕಂತುಗಳು ಸರಿಯಾಗಿ ಹೋಗಿರುತ್ತವೆ, ಮೊತ್ತ ಬದಲಾದ ತಿಂಗಳೇ ಸಮಸ್ಯೆ ಶುರುವಾಗಿರುತ್ತದೆ. ಹೀಗಿದ್ದಾಗ ಸಹಿ, ಅಕೌಂಟ್ ನಂಬರ್ ಹುಡುಕಲು ಹೋಗುವುದು ಸುಮ್ನೆ ಸಮಯ ಹಾಳು, ಅವು ಎಂದೋ ಪಾಸಾಗಿವೆ. ಬ್ಯಾಲೆನ್ಸ್ ಸಾಲದೆ ವಾಪಸ್ ಆದದ್ದನ್ನೂ ಜನ ಲಿಮಿಟ್ ಅಂತ ಹೇಳುತ್ತಾರೆ, ಅದು ಬೇರೆ. ಅಲ್ಲಿ ಸಾಲಿನಲ್ಲಿ `BALANCE INSUFFICIENT` ಅಂತಲೇ ಇರುತ್ತದೆ.

ಲಿಮಿಟ್ ಕಾರಣ ನೋಂದಣಿಯ ಹಂತದಲ್ಲೇ ಬರುವುದೂ ಇದೆ. ಒಬ್ಬ ಆಟೋ ಚಾಲಕರು ಬರೀ 1,000 ರೂಪಾಯಿಯ ಎಸ್‌ಐಪಿಗೆ ಫಾರ್ಮ್ ಕೊಟ್ಟಿದ್ದರು. ಮುಂದೆ ಬೇಕಾಗಬಹುದು ಅಂತ ಗರಿಷ್ಠ ಮೊತ್ತದಲ್ಲಿ 25,000 ಬರೆದಿದ್ದೆವು. ಅದು ಹೀಗೆ ವಾಪಸ್ ಬಂತು:

```
AMOUNT OF EMI MORE THAN LIMIT ALLOWED FOR THE ACCT
```

ಸಾವಿರ ರೂಪಾಯಿ ಜಾಸ್ತಿ ಆಯ್ತಾ ಅಂತ ಅವರು ಕೇಳಿದರು. ಬ್ಯಾಂಕು ಆ ಹಂತದಲ್ಲಿ ಕಂತನ್ನು ನೋಡುವುದಿಲ್ಲ, ಫಾರ್ಮಿನಲ್ಲಿ ಬರೆದ ಗರಿಷ್ಠ ಮೊತ್ತವನ್ನು ನೋಡುತ್ತದೆ. ವಿಚಾರಿಸಿದರೆ ಅವರದು ಪೂರ್ತಿ ಕೆವೈಸಿ ಇಲ್ಲದೆ ತೆಗೆದ ಸಣ್ಣ ಖಾತೆ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಅಂಥ ಖಾತೆಯಿಂದ ತಿಂಗಳಿಗೆ ಒಟ್ಟು 10,000ಕ್ಕಿಂತ ಜಾಸ್ತಿ ಹೊರಗೆ ಹೋಗುವಂತಿಲ್ಲ. ಅವರು ದಾಖಲೆ ಕೊಟ್ಟು ಕೆವೈಸಿ ಪೂರ್ತಿ ಮಾಡಿಸಿದರು, ಗರಿಷ್ಠ ಮೊತ್ತವನ್ನು ನಾವು 5,000ಕ್ಕೆ ಇಳಿಸಿದೆವು, ಮುಂದಿನ ಸಲ ಆಯಿತು.

ಟೀಚರ್ ಫಾರ್ಮಿನಲ್ಲಿ 15,000 ಬರೆಯೋಣ ಅಂದೆ. ಅವರು ಪೆನ್ ಕೆಳಗಿಟ್ಟರು. "ಹದಿನೈದು ಸಾವಿರ ಬರೆದ್ರೆ ಅಷ್ಟೂ ತಗೊಂಡುಬಿಡ್ತಾರೇನೋ? ನನ್ನ ಪೆನ್ಷನ್ ಕಣೋ ಅದು." ಈ ಭಯ ಬಹಳ ಜನಕ್ಕೆ ಇದೆ, ಅದರಿಂದಲೇ ಕಂತಿನಷ್ಟೇ ಮೊತ್ತ ಬರೆದು ಆಮೇಲೆ ಸಿಕ್ಕಿಹಾಕಿಕೊಳ್ಳುತ್ತಾರೆ. ಫಾರ್ಮ್ ತೋರಿಸಿ ವಿವರಿಸಿದೆ. ಮೊತ್ತದ ಹತ್ತಿರ ಎರಡು ಆಯ್ಕೆ ಇವೆ, ಫಿಕ್ಸೆಡ್ ಮತ್ತು ಮ್ಯಾಕ್ಸಿಮಮ್. ಫಿಕ್ಸೆಡ್ ಅಂದರೆ ಪ್ರತಿ ಸಲ ಬರೆದಷ್ಟೇ. ಮ್ಯಾಕ್ಸಿಮಮ್ ಅಂದರೆ ಅದು ಮೇಲಿನ ಗಡಿ ಮಾತ್ರ, ಕಟ್ ಆಗುವುದು ಎಸ್‌ಐಪಿ ಅರ್ಜಿಯಲ್ಲಿ ಬರೆದ 5,000. ವರ್ಷಕ್ಕೆ 500 ಏರಿಸುವ ಆಸೆ ಅವರಿಗಿತ್ತು, ಹಾಗೆ ಹತ್ತು ವರ್ಷಕ್ಕೆ ಅದೇ 10,000 ಆಗುತ್ತದೆ. ಅದರ ಮೇಲೆ ಸ್ವಲ್ಪ ಜಾಗ ಇರಲಿ ಅಂತ 15,000. ಒಂದು ನಿಮಿಷ ಲೆಕ್ಕ ಹಾಕಿ ನೋಡಿ ಒಪ್ಪಿದರು. ಅಂಕಿಯಲ್ಲಿ ನಾನು ಬರೆದೆ, ಅಕ್ಷರದಲ್ಲಿ ಅವರೇ ಬರೆದರು.

ಬರೆಯುವಾಗ ಒಂದು ಅಕ್ಷರ ತಪ್ಪಿ ತಿದ್ದಲು ಹೊರಟರು. ಬೇಡ ಅಂತ ಆ ಫಾರ್ಮ್ ಹರಿದು ಇನ್ನೊಂದು ಕೊಟ್ಟೆ. ತಿದ್ದಿದ ಕಡೆ ಮತ್ತೆ ಸಹಿ ಬೇಕು, ಇಲ್ಲದಿದ್ದರೆ ಅದೇ ಒಂದು ಹೊಸ ಕಾರಣವಾಗುತ್ತದೆ. ಸಹಿಗೆ ಕಪ್ಪು ಪೆನ್ ಕೊಟ್ಟೆ. ಫಾರ್ಮ್ ಸ್ಕ್ಯಾನ್ ಆಗಿ ಕಪ್ಪು-ಬಿಳುಪು ಚಿತ್ರವಾಗಿ ಹೋಗುವುದರಿಂದ ತಿಳಿ ನೀಲಿ ಗೆರೆಗಳು ಅರ್ಧ ಅಳಿಸಿದ ಹಾಗೆ ಕಾಣುತ್ತವೆ. ನಿಧಾನವಾಗಿ, ಚೌಕದ ಗೆರೆ ಮುಟ್ಟದ ಹಾಗೆ, ಬ್ರಾಂಚಿನಲ್ಲಿ ಹಾಕಿದ ಅದೇ ಸಹಿ ಹಾಕಿದರು. ಕೈ ನಡುಗಿತು, ಅಕ್ಷರಗಳು ಸರಿಯಾಗಿ ಬಂದವು.

ಹದಿನಾರನೇ ದಿನ ವರದಿಯಲ್ಲಿ ಅವರ ಯುಎಂಆರ್‌ಎನ್ ಎದುರು `REGISTERED` ಅಂತ ಕಂಡಿತು. ಮುಂದಿನ ತಿಂಗಳ ಹತ್ತನೇ ತಾರೀಖು ಬೆಳಿಗ್ಗೆ ಟೀಚರ್ ಮತ್ತೆ ಫೋನ್ ಮಾಡಿದರು. ಈ ಸಲ ಮೆಸೇಜನ್ನು ಅವರೇ ಪೂರ್ತಿ ಓದಿ ಹೇಳಿದರು. ಖಾತೆಯ ಕೊನೆಯ ನಾಲ್ಕು ಅಂಕಿ, ಕಟ್ ಆದ ಮೊತ್ತ 5,000. "ಹದಿನೈದಲ್ಲ, ಐದೇ ಕಣೋ" ಅಂದರು.